ಏರ್‌ಬ್ಯಾಗ್ ಎಣಿಸುವ ಮೊದಲು ಕಾರಿನ ಗೂಡು ನೋಡಿ

ಕಟ್ಟೆಮಳಲವಾಡಿಯಲ್ಲಿ, ಕಂಪಲಾಪುರದಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾಗಿ ಬೇಲ್‌ಗಳ ಹಣ ಕೈಗೆ ಬರತೊಡಗಿದರೆ ನಮ್ಮ ಕಡೆಯ ಮನೆಗಳಲ್ಲಿ ಕಾರಿನ ಮಾತು ಏಳುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯವರು ಸೊಪ್ಪಿನ ದುಡ್ಡಿನಲ್ಲಿ, ಕೆ.ಆರ್. ನಗರದವರು ಭತ್ತ, ಕಬ್ಬಿನ ದುಡ್ಡಿನಲ್ಲಿ ಮೈಸೂರಿನ ಶೋರೂಮ್‌ಗಳ ಮೆಟ್ಟಿಲು ಹತ್ತುತ್ತಾರೆ. ಮೊದಲ ಪ್ರಶ್ನೆ ಇಂದಿಗೂ 'ಮೈಲೇಜ್ ಎಷ್ಟು ಬರುತ್ತೆ' ಎನ್ನುವುದೇ. ಆದರೆ ಒಂದೆರಡು ವರ್ಷಗಳಿಂದ ಎರಡನೇ ಪ್ರಶ್ನೆಯೊಂದು ಸೇರಿಕೊಂಡಿದೆ: 'ಏರ್‌ಬ್ಯಾಗ್ ಎಷ್ಟಿದೆ?' ಆರು ಎಂಬ ಉತ್ತರ ಸಿಕ್ಕಿದರೆ ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಮಾತು ಬಣ್ಣದ ಕಡೆಗೆ ತಿರುಗುತ್ತದೆ.

ಆ ಸಮಾಧಾನ ಅರ್ಧ ಮಾತ್ರ ಸರಿ. ಯಾವ ಅರ್ಧ ಸರಿ ಎಂಬುದಕ್ಕೆ ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ಒಂದು ಕಾರಿನ ಪರೀಕ್ಷಾ ಫಲಿತಾಂಶವೇ ಸಾಕ್ಷಿ.

2025ರಲ್ಲಿ ಮಾರುತಿ ಬಲೆನೊ ಕಾರನ್ನು ಭಾರತ್ ಎನ್‌ಕ್ಯಾಪ್ ಪರೀಕ್ಷಿಸಿತು. ಹೊಸ ಕಾರುಗಳನ್ನು ಡಿಕ್ಕಿ ಹೊಡೆಸಿ ಅಂಕ ಕೊಡುವ ಈ ಸರ್ಕಾರಿ ವ್ಯವಸ್ಥೆ ಜಾರಿಗೆ ಬಂದದ್ದು 2023ರ ಅಕ್ಟೋಬರ್ 1ರಿಂದ. ಬಲೆನೊದಲ್ಲಿ ಎರಡು ಏರ್‌ಬ್ಯಾಗ್ ಇರುವ ಮಾಡೆಲ್‌ಗೂ ಆರು ಇರುವ ಮಾಡೆಲ್‌ಗೂ ಪ್ರತ್ಯೇಕ ಅಂಕ ಪ್ರಕಟವಾಯಿತು. ಒಂದೇ ಕಾರು, ಒಂದೇ ಗೂಡು, ವ್ಯತ್ಯಾಸ ನಾಲ್ಕು ಏರ್‌ಬ್ಯಾಗ್ ಮಾತ್ರ. ಏರ್‌ಬ್ಯಾಗ್ ಹೆಚ್ಚಾದರೆ ಏನು ಬದಲಾಗುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಅವಕಾಶ ಸಾಮಾನ್ಯ ಗ್ರಾಹಕನಿಗೆ ಸಿಗುವುದು ಅಪರೂಪ.

ಎದುರಿನಿಂದ ಡಿಕ್ಕಿ ಹೊಡೆಸಿದಾಗ ಎರಡು ಏರ್‌ಬ್ಯಾಗಿನ ಬಲೆನೊಗೆ ಬಂದದ್ದು 16ಕ್ಕೆ 11.54 ಅಂಕ. ಆರು ಏರ್‌ಬ್ಯಾಗಿನದಕ್ಕೂ 11.54. ನಾಲ್ಕು ಏರ್‌ಬ್ಯಾಗ್ ಹೆಚ್ಚಾದರೂ ಎದುರು ಡಿಕ್ಕಿಯಲ್ಲಿ ಕಾಲು ಅಂಕವೂ ಏರಲಿಲ್ಲ. ಪಕ್ಕದಿಂದ ಗುದ್ದಿಸಿದಾಗ ಮಾತ್ರ ಲೆಕ್ಕ ಬೇರೆಯಾಯಿತು: ಎರಡರದ್ದು 12.50, ಆರರದ್ದು 14.99. ಒಟ್ಟಾರೆ ಎರಡಕ್ಕೂ ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ಸ್ಟಾರ್.

ಕಾರಣ ಸರಳ. ಆರು ಏರ್‌ಬ್ಯಾಗ್ ಎಂದರೆ ಮುಂದೆ ಕುಳಿತ ಇಬ್ಬರ ಎದೆ ಮತ್ತು ತಲೆಗೆ ಎದುರಿನಿಂದ ಎರಡು, ಮುಂದಿನ ಸೀಟುಗಳ ಅಂಚಿನಿಂದ ಪಕ್ಕೆಲುಬಿಗೆ ಎರಡು, ಮೇಲಿನ ಚಾವಣಿಯಂಚಿನಿಂದ ಪರದೆಯ ಹಾಗೆ ಇಳಿದು ಹಿಂದಿನವರ ತಲೆಯನ್ನೂ ಕಿಟಕಿಯಿಂದ ಕಾಯುವ ಎರಡು. ಕಡೆಯ ನಾಲ್ಕೂ ಪಕ್ಕದ ಏಟಿಗಾಗಿಯೇ ಇರುವಂಥವು. ಎದುರು ಡಿಕ್ಕಿಯಲ್ಲಿ ಕೆಲಸ ಮಾಡುವುದು ಮುಂದಿನ ಎರಡೇ, ಮತ್ತು ಅವು 2022ರಿಂದ ದೇಶದಲ್ಲಿ ತಯಾರಾಗುವ ಪ್ರತಿ ಕಾರಿನಲ್ಲೂ ಕಡ್ಡಾಯ. ಹಾಗಾಗಿ 'ಆರಿದೆ' ಎಂದಾಗ ನಿಮಗೆ ಹೆಚ್ಚುವರಿಯಾಗಿ ಸಿಕ್ಕಿದ್ದು ಪಕ್ಕದ ಕಾವಲು. ಎದುರು ಡಿಕ್ಕಿಯಲ್ಲಿ ಉಳಿಸುವುದು ಬೇರೆಯೇ ವಸ್ತು. ಅದು ಕಾರಿನ ಗೂಡು.

ಗೂಡು ಎಂದರೆ ಹೊರಗಿನ ತಗಡಲ್ಲ. ಬಾನೆಟ್ಟಿನ ಮೇಲೆ ಬೆರಳಲ್ಲಿ ಕುಟ್ಟಿ 'ತಗಡು ಗಟ್ಟಿ ಇದೆ' ಎನ್ನುವವರನ್ನು ಎಲ್ಲ ಶೋರೂಮ್‌ಗಳಲ್ಲೂ ನೋಡಿದ್ದೇನೆ. ಆ ತಗಡು ಮಡಚಿಕೊಳ್ಳುವುದಕ್ಕೆಂದೇ ಇರುವುದು. ಅದು ಮಡಚಿದಷ್ಟೂ ಏಟಿನ ಶಕ್ತಿ ಅಲ್ಲೇ ಖರ್ಚಾಗುತ್ತದೆ. ಮಡಚಬಾರದ್ದು ಜನ ಕೂರುವ ಜಾಗ: ಮುಂಗಾಜಿನ ಎರಡೂ ಬದಿಯ ಕಂಬ, ಬಾಗಿಲ ಕೆಳಗಿನ ತೊಲೆ, ಪೆಡಲ್‌ಗಳಿರುವ ಪಾದದ ಗುಳಿ. ಈ ಗೂಡು ಕುಸಿದರೆ ಸ್ಟೀರಿಂಗ್ ತನ್ನ ಜಾಗದಿಂದ ಸರಿಯುತ್ತದೆ, ಡ್ಯಾಶ್‌ಬೋರ್ಡ್ ಮೊಣಕಾಲಿಗೆ ಬರುತ್ತದೆ, ಪಾದ ಪೆಡಲ್‌ಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಸ್ಟೀರಿಂಗ್ ಸರಿದಾಗ ಅದರೊಳಗಿನ ಏರ್‌ಬ್ಯಾಗೂ ಸರಿಯುತ್ತದೆ. ಉಬ್ಬಿದರೂ ತಲೆಗೆ ನೇರವಾಗಿ ಸಿಗದೆ ಹೋಗಬಹುದು. ಏರ್‌ಬ್ಯಾಗ್ ಎನ್ನುವುದು ನಿಂತ ಗೋಡೆಗೆ ಒರಗಿಸಿದ ದಿಂಬು. ಗೋಡೆಯೇ ಬಿದ್ದರೆ ದಿಂಬಿನ ಎಣಿಕೆಗೆ ಅರ್ಥವಿಲ್ಲ.

ಇದಕ್ಕೂ ದಾಖಲೆ ಇದೆ. ಗ್ಲೋಬಲ್ ಎನ್‌ಕ್ಯಾಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2014ರಿಂದ ಭಾರತದ ಕಾರುಗಳನ್ನು ಕೊಂಡು ಪರೀಕ್ಷಿಸುತ್ತಾ ಬಂತು. ಅದರ ವರದಿಗಳಲ್ಲಿ ಪ್ರತಿ ಕಾರಿನ ಗೂಡಿನ ಬಗ್ಗೆ ಒಂದು ಮಾತು ಇರುತ್ತದೆ: ಸ್ಥಿರ ಅಥವಾ ಅಸ್ಥಿರ. ಅಸ್ಥಿರ ಎಂದರೆ ಇನ್ನೊಂದಿಷ್ಟು ಭಾರ ಬಿದ್ದಿದ್ದರೆ ಗೂಡು ತಡೆಯುತ್ತಿರಲಿಲ್ಲ ಎಂದರ್ಥ. ಕಿಯಾ ಕಾರೆನ್ಸ್‌ನಲ್ಲಿ ಅತಿ ಕೆಳಗಿನ ಮಾಡೆಲ್‌ಗೂ ಆರು ಏರ್‌ಬ್ಯಾಗ್ ಇತ್ತು. 2022ರ ಪರೀಕ್ಷೆಯಲ್ಲಿ ಅದರ ಗೂಡಿಗೆ 'ಅಸ್ಥಿರ' ಎಂಬ ಷರಾ, ಒಟ್ಟು ಮೂರು ಸ್ಟಾರ್. ಅದಕ್ಕೂ ಮೊದಲು, 2021ರಲ್ಲಿ, ಎರಡೇ ಏರ್‌ಬ್ಯಾಗಿನ ಟಾಟಾ ಪಂಚ್‌ಗೆ ಸ್ಥಿರ ಗೂಡಿನ ಷರಾದೊಂದಿಗೆ ಐದು ಸ್ಟಾರ್ ಬಂದಿತ್ತು. ಎರಡೂ ಒಂದೇ ಬಗೆಯ ಕಾರಲ್ಲ, ಗಾತ್ರ ಬೇರೆ. ಆದರೂ ಏರ್‌ಬ್ಯಾಗಿನ ಸಂಖ್ಯೆಯೊಂದನ್ನೇ ಹಿಡಿದು ಕಾರನ್ನು ಅಳೆಯಲಾಗದು ಎಂಬುದಕ್ಕೆ ಇಷ್ಟು ಸಾಕು.

ಇನ್ನು ನಮ್ಮ ರಸ್ತೆಗೆ ಬರೋಣ. ಯಾವ ಏಟಿನಿಂದ ಕಾಪಾಡಿಕೊಳ್ಳಬೇಕು ಎಂಬುದನ್ನು ನಾವು ಓಡಾಡುವ ರಸ್ತೆಯೇ ತೀರ್ಮಾನಿಸುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಂಟೆಗೆ ಇಪ್ಪತ್ತು ಕಿಲೋಮೀಟರ್‌ನಲ್ಲಿ ತೆವಳುವವರ ಚಿಂತೆ ಬೇರೆ. ಮೈಸೂರಿನಿಂದ ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದ ಕಡೆ ಹೋಗುವ ಹೆದ್ದಾರಿಯಲ್ಲಿ ನಡುವೆ ಡಿವೈಡರ್ ಇಲ್ಲದ ಜಾಗಗಳಲ್ಲಿ ಎದುರು ಬದಿಯ ವಾಹನಕ್ಕೂ ನಮಗೂ ನಡುವೆ ಇರುವುದು ಒಂದು ಬಿಳಿ ಗೆರೆ. ಓವರ್‌ಟೇಕ್ ಮಾಡುವಾಗ ಪೂರ್ತಿ ಮುಖಾಮುಖಿ ಆಗುವುದು ಕಡಿಮೆ. ಕೊನೆಯ ಗಳಿಗೆಯಲ್ಲಿ ಇಬ್ಬರೂ ಎಡಕ್ಕೆ ಎಳೆದುಕೊಳ್ಳುತ್ತಾರೆ, ಡ್ರೈವರ್ ಬದಿಯ ಅರ್ಧ ಭಾಗ ಮಾತ್ರ ಬಡಿಯುತ್ತದೆ. ಭಾರತ್ ಎನ್‌ಕ್ಯಾಪ್‌ನ ಎದುರು ಡಿಕ್ಕಿ ಪರೀಕ್ಷೆ ಸರಿಯಾಗಿ ಇದನ್ನೇ ಅನುಕರಿಸುತ್ತದೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರಿನ ಮುಂಭಾಗದ 40 ಪ್ರತಿಶತ, ಅದೂ ಡ್ರೈವರ್ ಬದಿ, ಒಂದು ಜಜ್ಜಿಹೋಗುವ ತಡೆಗೆ ಬಡಿಯುತ್ತದೆ. ಹಾಗಾಗಿ ನಮ್ಮ ನಾಲ್ಕು ತಾಲ್ಲೂಕಿನವರು ಮೊದಲು ನೋಡಬೇಕಾದ ಅಂಕ ಇದೇ, 16ಕ್ಕೆ ಎಷ್ಟು ಬಂತು ಎಂಬುದು.

ಕಾನೂನಿನ ಪ್ರಕಾರ ಮಾರಾಟಕ್ಕೆ ಬರುವ ಪ್ರತಿ ಕಾರೂ ಇಂಥ ಪರೀಕ್ಷೆಯೊಂದನ್ನು ದಾಟಲೇಬೇಕು, ಆದರೆ ಅದು 56 ಕಿ.ಮೀ. ವೇಗದ್ದು. 'ಎಲ್ಲ ಕಾರೂ ಸರ್ಕಾರದ ಟೆಸ್ಟ್ ಪಾಸಾಗಿಯೇ ಬರೋದು' ಎಂದು ಮಾರುವವರು ಹೇಳಿದರೆ ಅದು ಸುಳ್ಳಲ್ಲ. ಆದರೆ ಏಟಿನ ಶಕ್ತಿ ವೇಗದ ವರ್ಗದಷ್ಟು ಏರುತ್ತದೆ. 56ಕ್ಕೂ 64ಕ್ಕೂ ಎಂಟು ಕಿಲೋಮೀಟರ್ ಅಂತರ ಕಂಡರೂ ಗೂಡಿನ ಮೇಲೆ ಬೀಳುವ ಶಕ್ತಿ ಸುಮಾರು 30 ಪ್ರತಿಶತ ಹೆಚ್ಚು. ಪಾಸಾದ ಕಾರಿಗೂ ಸ್ಟಾರ್ ಪಡೆದ ಕಾರಿಗೂ ಇರುವ ವ್ಯತ್ಯಾಸ ಅದು. ಅದೇ ಲೆಕ್ಕ ಮುಂದುವರಿಸಿದರೆ 80ರಲ್ಲಿ ಬಡಿದ ಕಾರಿಗೆ ಪರೀಕ್ಷೆಯ ಒಂದೂವರೆ ಪಟ್ಟಿಗಿಂತ ಹೆಚ್ಚು, 100ರಲ್ಲಿ ಸುಮಾರು ಎರಡೂವರೆ ಪಟ್ಟು. ಐದು ಸ್ಟಾರ್ ಎಂಬುದು ಆ ವೇಗಗಳಿಗೆ ಕೊಟ್ಟ ಭರವಸೆ ಅಲ್ಲ.

ಪಕ್ಕದ ಏಟು ನಮ್ಮಲ್ಲಿ ಎರಡು ರೀತಿ ಬರುತ್ತದೆ. ಊರೊಳಗಿನ ರಸ್ತೆಯಿಂದ ಹೆದ್ದಾರಿಗೆ ಇಳಿಯುವಾಗ ಬಸ್ಸೋ ಟಿಪ್ಪರ್ರೋ ಬಾಗಿಲಿಗೇ ಬಂದು ಬಡಿಯುವುದು ಒಂದು. ಇನ್ನೊಂದು, ರಸ್ತೆಬದಿಯ ಹಳೆಯ ಆಲದ, ಹುಣಸೆಯ ಮರಗಳು. ಮಳೆಯಲ್ಲಿ ಜಾರಿದ ಕಾರು ಅಡ್ಡಡ್ಡ ಹೋಗಿ ಮರಕ್ಕೆ ಬಾಗಿಲ ಕಡೆಯಿಂದ ಬಡಿದರೆ ಇಡೀ ಶಕ್ತಿ ಒಂದಡಿ ಅಗಲದ ಜಾಗದಲ್ಲಿ ಒಳಗೆ ನುಗ್ಗುತ್ತದೆ, ತಲೆ ನೇರವಾಗಿ ಕಾಂಡಕ್ಕೆ ಹೋಗುತ್ತದೆ. ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 29 ಕಿ.ಮೀ. ವೇಗದಲ್ಲಿ ಪಕ್ಕದಿಂದ ಕಂಬಕ್ಕೆ ಬಡಿಸಿ ನೋಡುವುದು ಇದಕ್ಕಾಗಿ. ಇಲ್ಲಿ ಗೂಡಿನ ಜೊತೆಗೆ ಚಾವಣಿಯಿಂದ ಇಳಿಯುವ ಪರದೆ ಏರ್‌ಬ್ಯಾಗ್ ಇಲ್ಲದಿದ್ದರೆ ತಲೆಗೆ ಬೇರೆ ಆಸರೆಯಿಲ್ಲ. ಆದ್ದರಿಂದ ಏರ್‌ಬ್ಯಾಗ್ ಎಣಿಕೆ ದಂಡ ಎಂದು ನಾನು ಹೇಳುತ್ತಿಲ್ಲ. ಕೋಟೆಯಿಂದ ಅಂತರಸಂತೆ ದಾಟಿ ಬಾವಲಿ ಕಡೆಗೆ ಮಳೆಗಾಲದಲ್ಲಿ ಓಡಾಡುವವರಿಗೆ ಆ ಪರದೆ ಬೇಕು. ಜೊತೆಗೆ ಇಎಸ್‌ಸಿ ಬೇಕು; ತಿರುವಿನಲ್ಲಿ ಕಾರು ಜಾರತೊಡಗಿದಾಗ ಒಂದೊಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ನೇರ ಮಾಡುವ ವ್ಯವಸ್ಥೆ ಅದು. ಮರಕ್ಕೆ ಬಡಿಯದಂತೆ ಮಾಡುವುದು ಇಎಸ್‌ಸಿ, ಬಡಿದರೆ ತಲೆ ಕಾಯುವುದು ಪರದೆ.

ಸ್ಟಾರ್ ನೋಡುವಾಗ ಜನ ಹೆಚ್ಚು ಎಡವುವುದು ವರ್ಷದಲ್ಲಿ. ನಮ್ಮ ಕಡೆ ಬಹಳ ಮನೆಗಳಲ್ಲಿರುವ ವ್ಯಾಗನ್ ಆರ್‌ಗೆ 2019ರಲ್ಲಿ ಎರಡು ಸ್ಟಾರ್, 2023ರಲ್ಲಿ ಒಂದೇ ಸ್ಟಾರ್. ನಾಲ್ಕು ವರ್ಷದಲ್ಲಿ ಕಾರು ಕೆಟ್ಟಿತೆಂದಲ್ಲ, ಪರೀಕ್ಷೆ ಬಿಗಿಯಾಯಿತು. 2022ರ ಜುಲೈವರೆಗೆ ಗ್ಲೋಬಲ್ ಎನ್‌ಕ್ಯಾಪ್ ಮುಖ್ಯವಾಗಿ ಎದುರು ಡಿಕ್ಕಿಯನ್ನೇ ನೋಡಿ ಸ್ಟಾರ್ ಕೊಡುತ್ತಿತ್ತು. ಆಮೇಲೆ ಪಕ್ಕದ ಡಿಕ್ಕಿ, ಇಎಸ್‌ಸಿ, ಪಾದಚಾರಿಯ ರಕ್ಷಣೆ ಎಲ್ಲವೂ ಲೆಕ್ಕಕ್ಕೆ ಬಂದವು. ಹಾಗಾಗಿ 2020ರ ನಾಲ್ಕು ಸ್ಟಾರನ್ನೂ 2025ರ ನಾಲ್ಕು ಸ್ಟಾರನ್ನೂ ಪಕ್ಕಪಕ್ಕ ಇಟ್ಟು ಒಂದೇ ಎನ್ನಬಾರದು. ಇಂದು ಕೊಳ್ಳುವವರು ಭಾರತ್ ಎನ್‌ಕ್ಯಾಪ್‌ನ ಅಂಕವನ್ನೋ, 2022ರ ಜುಲೈ ನಂತರದ ಗ್ಲೋಬಲ್ ಎನ್‌ಕ್ಯಾಪ್ ಅಂಕವನ್ನೋ ಮಾತ್ರ ಹಿಡಿಯಬೇಕು.

ಅದೇ ವ್ಯಾಗನ್ ಆರ್‌ನಲ್ಲಿ ಇನ್ನೂ ಒಂದು ಪಾಠವಿದೆ. 2023ರ ಪರೀಕ್ಷೆಗೆ ಹೋದದ್ದು ಎರಡು ಏರ್‌ಬ್ಯಾಗಿನ ಕಾರು; ಗೂಡೂ ಪಾದದ ಗುಳಿಯೂ ಅಸ್ಥಿರ ಎಂದು ವರದಿ ಹೇಳಿತು. 2025ರಲ್ಲಿ ಕಂಪನಿ ಈ ಕಾರಿನ ಎಲ್ಲ ಮಾಡೆಲ್‌ಗೂ ಆರು ಏರ್‌ಬ್ಯಾಗ್ ಕೊಟ್ಟಿತು. ಪಕ್ಕದ ಏಟಿಗೆ ಅದು ನಿಜವಾದ ಲಾಭ, ಹಳೆಯದಕ್ಕಿಂತ ಹೊಸದು ಮೇಲು. ಆದರೆ ಬಲೆನೊ ತೋರಿಸಿದಂತೆ, ಆ ನಾಲ್ಕು ಏರ್‌ಬ್ಯಾಗ್ ಪಾದದ ಗುಳಿಯನ್ನು ಗಟ್ಟಿ ಮಾಡುವುದಿಲ್ಲ. ಅದನ್ನು ಗಟ್ಟಿ ಮಾಡಬೇಕಾದರೆ ಗೂಡಿನ ಉಕ್ಕನ್ನೇ ಬದಲಿಸಬೇಕು, ಬೆಸುಗೆ ಹೆಚ್ಚಿಸಬೇಕು. ಆದ್ದರಿಂದ 'ಈಗ ಆರು ಏರ್‌ಬ್ಯಾಗ್ ಬಂದಿದೆ' ಎಂದು ಯಾವ ಕಾರಿನ ಬಗ್ಗೆಯೇ ಹೇಳಲಿ, ಆರು ಬಂದ ಮೇಲೆ ಡಿಕ್ಕಿ ಪರೀಕ್ಷೆ ಆಗಿದೆಯೇ, ಆಗಿದ್ದರೆ ಎದುರು ಡಿಕ್ಕಿಯ ಅಂಕ ಎಷ್ಟು ಎಂದು ಕೇಳಬೇಕು.

ಇದು ಕಂಪನಿಯ ಹೆಸರಿನ ಮೇಲೆ ತೀರ್ಮಾನವಾಗುವ ಮಾತೂ ಅಲ್ಲ. 2022ರ ಡಿಸೆಂಬರ್‌ನಲ್ಲಿ ಸ್ವಿಫ್ಟ್, ಇಗ್ನಿಸ್, ಎಸ್-ಪ್ರೆಸ್ಸೊ ಮೂರಕ್ಕೂ ಒಂದೊಂದೇ ಸ್ಟಾರ್ ಪಡೆದ ಮಾರುತಿಯೇ ಎರಡು ವರ್ಷದೊಳಗೆ, 2024ರ ನವೆಂಬರ್‌ನಲ್ಲಿ, ಹೊಸ ಡಿಸೈರ್‌ಗೆ ದೊಡ್ಡವರ ರಕ್ಷಣೆಯಲ್ಲಿ ಐದು ಸ್ಟಾರ್ ಪಡೆಯಿತು, ಗೂಡಿಗೆ 'ಸ್ಥಿರ' ಎಂಬ ಷರಾ ಸಮೇತ. ಹೆಸರು ಅದೇ ಡಿಸೈರ್ ಎಂದುಕೊಂಡು ಹಳೆಯ ಡಿಸೈರ್ ಕೊಂಡವರಿಗೆ ಆ ಸ್ಟಾರ್ ಅನ್ವಯಿಸುವುದಿಲ್ಲ. ಸ್ಟಾರ್ ಸಿಗುವುದು ಒಂದು ತಲೆಮಾರಿನ ಗೂಡಿಗೆ, ಹೆಸರಿಗಲ್ಲ.

ಒಂದು ಕುಟುಂಬದ ಲೆಕ್ಕ ಮಾಡಿ ನೋಡೋಣ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿ ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಅಜ್ಜಿ, ಮೂರು ವರ್ಷದ ಮಗಳು, ಏಳು ವರ್ಷದ ಮಗ. ವಾರಕ್ಕೊಮ್ಮೆ ಮೈಸೂರಿಗೆ ಆಸ್ಪತ್ರೆಗೋ ಸಂಬಂಧಿಕರ ಮನೆಗೋ ಹೋಗಿ ಕತ್ತಲಾದ ಮೇಲೆ ವಾಪಸ್. ಕೈಯಲ್ಲಿರುವುದು, ಸಾಲವೂ ಸೇರಿ, ಆನ್ ರೋಡ್ ಎಂಟು ಲಕ್ಷ.

ಎಂಟು ಲಕ್ಷ ಎಂದರೆ ಶೋರೂಮ್ ಬೆಲೆ ಆರೂವರೆ ಲಕ್ಷದ ಕಾರು. ಕರ್ನಾಟಕದಲ್ಲಿ ಐದು ಲಕ್ಷದಿಂದ ಹತ್ತು ಲಕ್ಷದೊಳಗಿನ ಕಾರಿಗೆ 14 ಪ್ರತಿಶತ ರಸ್ತೆ ತೆರಿಗೆ, ಅದರ ಮೇಲೆ ಸೆಸ್. ಆರೂವರೆ ಲಕ್ಷಕ್ಕೆ ಇದೇ ಒಂದು ಲಕ್ಷ ದಾಟುತ್ತದೆ. ಉಳಿದದ್ದು ವಿಮೆ ಮತ್ತು ನೋಂದಣಿ. ಹುಣಸೂರಿನ ಕೆಎ-45 ಆದರೂ ಮೈಸೂರಿನ ಕೆಎ-09 ಆದರೂ ತೆರಿಗೆ ಒಂದೇ.

ಈ ಹಣಕ್ಕೆ ಅವರ ಮುಂದೆ ಎರಡು ದಾರಿ. ಒಂದು, ಕಡಿಮೆ ಸ್ಟಾರಿನ ಹ್ಯಾಚ್‌ಬ್ಯಾಕ್‌ನ ಟಾಪ್ ಎಂಡ್: ದೊಡ್ಡ ಟಚ್‌ಸ್ಕ್ರೀನ್, ಅಲಾಯ್ ಚಕ್ರ, ಆಟೊಮ್ಯಾಟಿಕ್ ಗೇರು. ಇನ್ನೊಂದು, ಗಟ್ಟಿ ಗೂಡಿನ ಕಾರಿನ ಕೆಳಗಿನ ಮಾಡೆಲ್. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ 18 ಪ್ರತಿಶತಕ್ಕೆ ಇಳಿದ ಮೇಲೆ ಡಿಸೈರ್‌ನ ಕೆಳಗಿನ ಮಾಡೆಲ್ ಆರೂಕಾಲು ಲಕ್ಷದ ಆಸುಪಾಸಿಗೆ ಬಂತು. ಅದರಲ್ಲಿ ಟಚ್‌ಸ್ಕ್ರೀನ್ ಇಲ್ಲ, ಚಕ್ರ ಸಾದಾ. ಆದರೆ ಟಾಪ್ ಎಂಡ್‌ನಲ್ಲಿರುವ ಅದೇ ಗೂಡು, ಅದೇ ಆರು ಏರ್‌ಬ್ಯಾಗ್, ಅದೇ ಇಎಸ್‌ಸಿ. ಭಾರತ್ ಎನ್‌ಕ್ಯಾಪ್‌ನಲ್ಲಿ ಇದಕ್ಕೆ ದೊಡ್ಡವರ ರಕ್ಷಣೆಗೆ 32ಕ್ಕೆ 29.46, ಮಕ್ಕಳ ರಕ್ಷಣೆಗೆ 49ಕ್ಕೆ 41.57 ಬಂದಿದೆ, ಎರಡರಲ್ಲೂ ಐದು ಸ್ಟಾರ್. ಸ್ಕ್ರೀನನ್ನು ಮುಂದಿನ ವರ್ಷದ ಸೊಪ್ಪಿನ ದುಡ್ಡಿನಲ್ಲಿ ಹುಣಸೂರಿನಲ್ಲೇ ಹಾಕಿಸಬಹುದು, ಗೂಡನ್ನು ಹಾಕಿಸಲಾಗದು. ನನ್ನ ತೀರ್ಪು ಎರಡನೇ ದಾರಿಗೆ. ಡಿಸೈರ್ ಇಲ್ಲಿ ಉದಾಹರಣೆ ಮಾತ್ರ. ಇದೇ ಬೆಲೆಯ ಸುತ್ತ ಒಳ್ಳೆಯ ಅಂಕದ ಬೇರೆ ಕಾರುಗಳೂ ಸಿಗುತ್ತವೆ. ಎತ್ತರ ಬೇಕೆನ್ನುವವರು, ಹಿಂದೆ ಚಾಚಿದ ಬೂಟ್ ಬೇಡವೆನ್ನುವವರು ಅವನ್ನೂ ಇದೇ ರೀತಿ ಅಳೆಯಲಿ.

ಈ ಕುಟುಂಬ ನೋಡಲೇಬೇಕಾದದ್ದು ಮಕ್ಕಳ ಅಂಕ. ಶೋರೂಮ್‌ನಲ್ಲಿ ಅದರ ಮಾತೇ ಬರುವುದಿಲ್ಲ. ಆಲ್ಟೊ ಕೆ10, ವ್ಯಾಗನ್ ಆರ್ ಎರಡಕ್ಕೂ 2023ರಲ್ಲಿ ಮಕ್ಕಳ ರಕ್ಷಣೆಯಲ್ಲಿ ಸೊನ್ನೆ ಸ್ಟಾರ್. 49ಕ್ಕೆ ನಾಲ್ಕು ಅಂಕವೂ ಬರಲಿಲ್ಲ. ದೊಡ್ಡವರಿಗೆ ನಾಲ್ಕು ಸ್ಟಾರ್ ಪಡೆದ ಬಲೆನೊಗೆ ಮಕ್ಕಳದ್ದು 34.81, ಅಂದರೆ ನಾಲ್ಕು ಸ್ಟಾರ್‌ಗೆ ಬೇಕಾದ 35ಕ್ಕೆ ಒಂದಿಷ್ಟು ಕಡಿಮೆ, ಮೂರು ಸ್ಟಾರ್. ಒಂದೇ ಕಾರಿಗೆ ಎರಡು ಬೇರೆ ಸ್ಟಾರ್ ಇರುತ್ತದೆ, ಜಾಹೀರಾತಿನಲ್ಲಿ ಕಾಣುವುದು ಸಾಮಾನ್ಯವಾಗಿ ದೊಡ್ಡದು ಎಂಬುದು ನೆನಪಿರಲಿ. ಮತ್ತು ಈ ಅಂಕ ಬರುವುದು ಬೊಂಬೆ ಮಗುವನ್ನು ಮಕ್ಕಳ ಸೀಟಿನಲ್ಲಿ ಬಿಗಿದು ಕೂರಿಸಿದಾಗ. ತೊಡೆಯ ಮೇಲೆ ಕೂರಿಸಿದ ಮಗುವಿಗೆ ಯಾವ ಕಾರಿನ ಯಾವ ಸ್ಟಾರೂ ಸಲ್ಲುವುದಿಲ್ಲ. 64ರ ವೇಗದಲ್ಲಿ ನಿಂತುಬಿಟ್ಟ ಕಾರಿನಲ್ಲಿ ಹದಿನಾಲ್ಕು ಕೆ.ಜಿ.ಯ ಮಗು ತೋಳಿನಿಂದ ಹಾರಿಹೋಗುತ್ತದೆ, ಎಷ್ಟೇ ಗಟ್ಟಿ ಕೈಯಾಗಲಿ. ಮುಂದಿನ ಸೀಟಿನಲ್ಲಿ ತೊಡೆಯ ಮೇಲಿದ್ದರಂತೂ ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗದಲ್ಲಿ ಉಬ್ಬುವ ಏರ್‌ಬ್ಯಾಗ್ ಮೊದಲು ತಾಗುವುದು ಮಗುವಿನ ತಲೆಗೆ. ನಮ್ಮ ಕುಟುಂಬ ಎಂಟು ಲಕ್ಷದಲ್ಲಿ ಕೆಲವು ಸಾವಿರ ತೆಗೆದಿಟ್ಟು ಮಗಳಿಗೊಂದು ಮಕ್ಕಳ ಸೀಟು, ಮಗನಿಗೊಂದು ಎತ್ತರದ ಆಸನ ಕೊಂಡು ಹಿಂದೆ ಐಸೊಫಿಕ್ಸ್ ಕೊಂಡಿಗೆ ಬಿಗಿಯಲಿ. ಕಾರು ನೋಡಲು ಹೋದಾಗಲೇ ಹಿಂದಿನ ಸೀಟಿನ ಬೆನ್ನು ಮತ್ತು ಕೂರುವ ಭಾಗದ ನಡುವೆ ಕೈ ಹಾಕಿ ಆ ಕೊಂಡಿ ಇದೆಯೇ ಎಂದು ಮುಟ್ಟಿ ನೋಡಬಹುದು.

ಅಜ್ಜಿಗೆ ಬೆಲ್ಟ್. ಹಿಂದೆ ಕೂತವರಿಗೆ ಬೆಲ್ಟ್ ಬೇಡ ಎಂಬುದು ನಮ್ಮ ಕಡೆಯ ದೊಡ್ಡ ತಪ್ಪು ನಂಬಿಕೆ. ಬೆಲ್ಟ್ ಇಲ್ಲದ ಹಿಂದಿನವರು ಮುಂದಿನ ಸೀಟನ್ನು ಗುದ್ದಿ ಮುಂದಿನವರನ್ನೂ ಸ್ಟೀರಿಂಗ್‌ಗೆ ಒತ್ತುತ್ತಾರೆ. ಪರೀಕ್ಷೆಯ ಬೊಂಬೆಗಳೆಲ್ಲ ಬೆಲ್ಟ್ ಹಾಕಿರುತ್ತವೆ. ಬೆಲ್ಟ್ ಹಾಕದ ಕ್ಷಣ ಆ ಸ್ಟಾರು ನಿಮ್ಮದಲ್ಲ.

ಕೊಂಡಾಯಿತು. ಮುಂದಿನ ಹೆಜ್ಜೆಯಲ್ಲಿ ಕೊಂಡ ರಕ್ಷಣೆಯನ್ನು ಕಳೆದುಕೊಳ್ಳುವವರೇ ಹೆಚ್ಚು, ಅದೂ ಪೂಜೆಗೂ ಮುಂಚೆ. ಪಕ್ಕೆಲುಬಿನ ಏರ್‌ಬ್ಯಾಗ್ ಸೀಟಿನ ಹೊರಅಂಚಿನ ಹೊಲಿಗೆ ಬಿಚ್ಚಿಕೊಂಡು ಬರುತ್ತದೆ. ಅಲ್ಲಿ ಬಟ್ಟೆಯ ಚಿಕ್ಕ ಪಟ್ಟಿಯಲ್ಲಿ ಏರ್‌ಬ್ಯಾಗ್ ಎಂದು ಬರೆದಿರುತ್ತದೆ. ಅದರ ಮೇಲೆ ದಪ್ಪ ರೆಕ್ಸಿನ್ ಸೀಟ್ ಕವರ್ ಬಿಗಿದು ಹೊಲಿದರೆ ಆರರಲ್ಲಿ ಎರಡು ಏರ್‌ಬ್ಯಾಗನ್ನು ನೀವೇ ಚೀಲ ಕಟ್ಟಿ ಇಟ್ಟಂತೆ. ಕವರ್ ಬೇಕೇಬೇಕಿದ್ದರೆ ಆ ಅಂಚಿನಲ್ಲಿ ಹೊಲಿಗೆ ಸಡಿಲವಿರುವ, ಏರ್‌ಬ್ಯಾಗ್ ಕಾರಿಗೆಂದೇ ಮಾಡಿದ ಕವರ್ ಕೇಳಿ; ಕತ್ತರಿಸಿ ತೋರಿಸಲಾಗದಿದ್ದರೂ ಆ ಭಾಗದಲ್ಲಿ ಬಟ್ಟೆ ತೆಳುವಾಗಿ, ಹೊಲಿಗೆ ಬೇರೆಯಾಗಿ ಕಾಣಬೇಕು. ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಗಣಪತಿಯ ಲೋಹದ ವಿಗ್ರಹ ಅಂಟಿಸುವುದು ಬೇಡ, ಅದರಡಿಯೇ ಏರ್‌ಬ್ಯಾಗ್ ಮುಚ್ಚಳವಿದೆ. ದೇವರನ್ನು ನಡುವೆ ಇಡಿ.

ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ದನ ಅಡ್ಡ ಬಂದರೆ ಬಂಪರ್ ಉಳಿಯಲಿ ಎಂಬ ಲೆಕ್ಕ. ಆದರೆ ಆ ಕಬ್ಬಿಣ ಏಟನ್ನು ನೇರವಾಗಿ ಗೂಡಿನ ತೊಲೆಗೆ ದಾಟಿಸುತ್ತದೆ. ಮಡಚಬೇಕಾದ ತಗಡು ಸರಿಯಾಗಿ ಮಡಚುವುದಿಲ್ಲ, ಏರ್‌ಬ್ಯಾಗಿಗೆ ಸುದ್ದಿ ಕೊಡುವ ಸೆನ್ಸರ್‌ನ ಲೆಕ್ಕ ತಪ್ಪುತ್ತದೆ. ಏರ್‌ಬ್ಯಾಗ್ ತುಂಬಲು ಬೇಕಾದ ಸಮಯ ಒಂದು ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗದಷ್ಟು; ಅದರಲ್ಲಿ ಸ್ವಲ್ಪ ತಡವಾದರೂ ತಲೆ ಆಗಲೇ ಸ್ಟೀರಿಂಗ್ ಮುಟ್ಟಿರುತ್ತದೆ. ಪಾದಚಾರಿಗಳಿಗೂ ಅಪಾಯವೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇಂಥ ಗಾರ್ಡ್‌ಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿತ್ತು.

ಸ್ಟಾರ್ ಅಳೆಯದ ಅಪಾಯವೂ ನಮ್ಮ ರಸ್ತೆಯಲ್ಲಿದೆ. ಚುಂಚನಕಟ್ಟೆ ಕಡೆಯಿಂದ ರಾತ್ರಿ ಬರುವ ಕಬ್ಬಿನ ಟ್ರ್ಯಾಕ್ಟರ್ ಟ್ರೈಲರ್‌ಗೆ ಹಿಂದೆ ದೀಪವಿರುವುದಿಲ್ಲ, ಜಲ್ಲೆ ಹೊರಚಾಚಿರುತ್ತದೆ. ಕಾರು ಹಿಂದಿನಿಂದ ಬಡಿದರೆ ಟ್ರೈಲರ್‌ನ ತಳ ಬಾನೆಟ್ಟಿನ ಮೇಲಿನಿಂದ ಮುಂಗಾಜಿಗೆ ಬರುತ್ತದೆ. ಏಟು ತಡೆಯಬೇಕಾದ ತೊಲೆಗಳು ಕೆಳಗೇ ಉಳಿಯುತ್ತವೆ, ಸೆನ್ಸರ್‌ಗೆ ಏಟು ಸರಿಯಾಗಿ ಗೊತ್ತಾಗದೆ ಏರ್‌ಬ್ಯಾಗ್ ತಡವಾಗಿ ತೆರೆಯಬಹುದು, ತೆರೆಯದೆಯೂ ಇರಬಹುದು. ಹಾಗೆಯೇ ಎದುರು ಡಿಕ್ಕಿಯ ಪರೀಕ್ಷೆ ಅನುಕರಿಸುವುದು ತನ್ನಷ್ಟೇ ತೂಕದ ಕಾರಿಗೆ ಬಡಿಯುವುದನ್ನು. 2023ರ ಮೇ 29ರಂದು ನಮ್ಮದೇ ಜಿಲ್ಲೆಯ ಕುರುಬೂರಿನ ಬಳಿ ಇನ್ನೊವಾ ಕಾರು ಖಾಸಗಿ ಬಸ್ಸಿಗೆ ಎದುರುಬದುರಾಗಿ ಬಡಿದು ಹತ್ತು ಜನ ತೀರಿಕೊಂಡರು. ಅಷ್ಟು ತೂಕದ ವ್ಯತ್ಯಾಸಕ್ಕೆ ಯಾವ ಸ್ಟಾರೂ ಉತ್ತರ ಕೊಡುವುದಿಲ್ಲ. ಬಸ್ಸಿನ ಎದುರು ಓವರ್‌ಟೇಕ್‌ಗೆ ಇಳಿಯದಿರುವುದು, ರಾತ್ರಿ ಟ್ರೈಲರ್ ಕಾಲದಲ್ಲಿ ಐವತ್ತಕ್ಕೆ ಇಳಿಯುವುದು ಬಿಟ್ಟು ಬೇರೆ ರಕ್ಷಣೆಯಿಲ್ಲ.

ಹೊಸದು ಕೈಗೆಟುಕದೆ ಹಳೆಯ ಕಾರು ಕೊಳ್ಳುವವರಿಗೆ ಎರಡು ಮಾತು. ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ನೋಡಿ. 2019ರ ಜುಲೈಗೂ ಮುಂಚಿನದಾದರೆ ಡ್ರೈವರ್ ಏರ್‌ಬ್ಯಾಗೂ ಇಲ್ಲದಿರಬಹುದು. ಅಲ್ಲಿಂದ 2021ರ ಕೊನೆವರೆಗಿನ ಎಷ್ಟೋ ಬೇಸ್ ಮಾಡೆಲ್‌ಗಳಲ್ಲಿ ಇರುವುದು ಡ್ರೈವರ್‌ದೊಂದೇ. ಸಾಧ್ಯವಾದರೆ 2022ರ ನಂತರದ್ದೇ ಹುಡುಕಿ. ಇನ್ನು, ಒಮ್ಮೆ ಡಿಕ್ಕಿಯಾಗಿ ಏರ್‌ಬ್ಯಾಗ್ ಬಿಚ್ಚಿಹೋದ ಕಾರಿಗೆ ಖಾಲಿ ಮುಚ್ಚಳ ಹಾಕಿ ಮಾರುವುದುಂಟು. ಕೀ ತಿರುಗಿಸಿದಾಗ ಮೀಟರಿನಲ್ಲಿ ಕೂತ ಮನುಷ್ಯನ ಎದುರು ಗುಂಡು ಇರುವ ಕೆಂಪು ಚಿತ್ರ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತಿಯೇ ಇದ್ದರೆ ದೋಷವಿದೆ. ಹೊತ್ತಲೇ ಇಲ್ಲದಿದ್ದರೆ ಇನ್ನೂ ಕೆಟ್ಟದು, ಯಾರೋ ದೀಪ ತೆಗೆದಿದ್ದಾರೆ. ಸ್ಟೀರಿಂಗ್ ಮುಚ್ಚಳದ ಬಣ್ಣ ಸುತ್ತಲಿನದಕ್ಕಿಂತ ಹೊಸದಾಗಿದ್ದರೆ, ಬೆಲ್ಟನ್ನು ಪೂರ್ತಿ ಎಳೆದಾಗ ಅದು ಸಲೀಸಾಗಿ ವಾಪಸ್ ಹೋಗದಿದ್ದರೆ ಆ ಕಾರು ಬಿಟ್ಟುಬಿಡಿ.

ಹೊಸ ಕಾರಿಗಾದರೆ ಕೆಲಸ ಸುಲಭ. ಭಾರತ್ ಎನ್‌ಕ್ಯಾಪ್‌ನ bncap.in ತಾಣದಲ್ಲಿ ಪರೀಕ್ಷೆಯಾದ ಪ್ರತಿ ಕಾರಿನ ಹಾಳೆ ಇದೆ. ಮೊಬೈಲಿನಲ್ಲೇ ತೆರೆದು ನೋಡಬಹುದು. ಯಾವ ಮಾಡೆಲ್‌ಗಳಿಗೆ ಈ ಅಂಕ ಅನ್ವಯ, ಯಾವ ತಿಂಗಳ ಪರೀಕ್ಷೆ, ಎದುರು ಡಿಕ್ಕಿಗೆ ಎಷ್ಟು, ಪಕ್ಕದ್ದಕ್ಕೆ ಎಷ್ಟು, ಮಕ್ಕಳಿಗೆ ಎಷ್ಟು ಎಂಬ ಐದು ಸಾಲು ಓದಲು ಐದು ನಿಮಿಷ ಸಾಕು. ಈ ಪರೀಕ್ಷೆ ಕಂಪನಿಗಳಿಗೆ ಕಡ್ಡಾಯವಲ್ಲ, ಹಾಗಾಗಿ ಕೆಲವು ಕಾರುಗಳ ಹಾಳೆ ಸಿಗದಿರಬಹುದು. ಮುಂಗಡ ಕೊಡುವ ಮೊದಲು ಆ ಹಾಳೆ ತೋರಿಸಿ ಎಂದು ಶೋರೂಮ್‌ನಲ್ಲಿ ಕೇಳಿ. ತೋರಿಸಲಾಗದಿದ್ದರೆ, ಆರು ಏರ್‌ಬ್ಯಾಗ್ ಇದೆಯೆಂದು ಎಷ್ಟೇ ಹೇಳಿದರೂ, ಆ ದಿನ ಮುಂಗಡ ಕೊಡದೆ ಮನೆಗೆ ಬನ್ನಿ.